ಫಂಡಿಗೆ ಲಾಭ, ದುಡ್ಡಿಗೆ ನಷ್ಟ: ಬೇರೆ ಬೇರೆ ದಿನ ಹಾಕಿದ ಹಣದ ರಿಟರ್ನ್ ಲೆಕ್ಕ ಹಾಕುವುದು ಹೇಗೆ

ಮುಧೋಳ, ಜಮಖಂಡಿ, ಮಹಾಲಿಂಗಪುರದ ಕಡೆ ಕಬ್ಬು ಬೆಳೆಯುವ ಮನೆಗಳಿಗೆ ದುಡ್ಡು ತಿಂಗಳ ಸಂಬಳದಂತೆ ಬರುವುದಿಲ್ಲ. ಫ್ಯಾಕ್ಟರಿಯ ಬಿಲ್ಲು ಆದಾಗ ಬರುತ್ತದೆ. ಒಂದು ವರ್ಷ ಕಡಿಮೆ, ಇನ್ನೊಂದು ವರ್ಷ ಜಾಸ್ತಿ. ವಿಜಯಪುರದ ಕಡೆ ಒಣದ್ರಾಕ್ಷಿ ಮಾರುವವರದ್ದೂ ಇದೇ ಕಥೆ. ಇಂಥವರು ಮ್ಯೂಚುವಲ್ ಫಂಡಿಗೆ ಹಣ ಹಾಕಿದರೂ ಬಂದಾಗ, ಬಂದಷ್ಟು ಹಾಕುತ್ತಾರೆ. ಆಮೇಲೆ ಒಂದು ದಿನ ತಲೆಬಿಸಿ ಶುರುವಾಗುತ್ತದೆ. ಫಂಡ್ ಕಂಪನಿಯ ಹಾಳೆಯಲ್ಲಿ ವರ್ಷಕ್ಕೆ ಶೇ. 9.5ರಷ್ಟು ಲಾಭ ಅಂತ ಇರುತ್ತದೆ, ತಮ್ಮ ಸ್ಟೇಟ್‌ಮೆಂಟ್ ತೆಗೆದರೆ ನಷ್ಟ ಕಾಣುತ್ತದೆ. ಯಾರಾದರೂ ಸುಳ್ಳು ಹೇಳುತ್ತಿದ್ದಾರಾ?

ಯಾರೂ ಹೇಳುತ್ತಿಲ್ಲ. ಅಲ್ಲಿ ಇರುವುದು ಎರಡು ಬೇರೆ ಬೇರೆ ಪ್ರಶ್ನೆಗಳ ಉತ್ತರ. ಒಂದು, ಫಂಡಿನಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಸುಮ್ನೆ ಕೂತಿದ್ದ ಒಂದು ರೂಪಾಯಿ ಎಷ್ಟಾಯಿತು? ಇದಕ್ಕೆ ಟೈಮ್-ವೇಯ್ಟೆಡ್ ರಿಟರ್ನ್ ಅನ್ನುತ್ತಾರೆ. ಎರಡು, ನಾನು ಹಾಕಿದ ಹಣ, ಹಾಕಿದ ದಿನದಿಂದ ಹಿಡಿದು, ವರ್ಷಕ್ಕೆ ಎಷ್ಟು ದುಡಿಯಿತು? ಇದು ಮನಿ-ವೇಯ್ಟೆಡ್ ರಿಟರ್ನ್. ಎಕ್ಸೆಲ್‌ನಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ಇದನ್ನೇ XIRR ಅಂತ ತೋರಿಸುತ್ತಾರೆ. ಹಣವನ್ನು ಒಂದೇ ಸಲ ಹಾಕಿ ಮುಟ್ಟದೇ ಇದ್ದರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ನಡುವೆ ಇನ್ನೊಮ್ಮೆ ಹಾಕಿದ ಕೂಡಲೇ ಎರಡೂ ಬೇರೆಯಾಗುತ್ತವೆ. ಹಾಕಿದ ಮೊತ್ತ ದೊಡ್ಡದಾದಷ್ಟೂ, ಫಂಡಿನ ಏರಿಳಿತ ಜಾಸ್ತಿಯಾದಷ್ಟೂ ಅಂತರ ಹೆಚ್ಚು.

ಎರಡನ್ನೂ ಒಂದೇ ಲೆಕ್ಕದಲ್ಲಿ ಮಾಡಿ ನೋಡೋಣ.

ಲೆಕ್ಕಕ್ಕೆ ಒಂದು ಮನೆ

ಮುಧೋಳದ ಹತ್ತಿರ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದಾರೆ ಅಂದುಕೊಳ್ಳಿ. ಹೊಲ ಬೇರೆ ಬೇರೆ, ಫಂಡ್ ಮಾತ್ರ ಒಂದೇ. ಇಬ್ಬರೂ ಹಣ ಹಾಕಿದ್ದು ಅವೇ ಎರಡು ದಿನ. ಲೆಕ್ಕ ಕೈಯಲ್ಲೇ ಆಗಲಿ ಅಂತ ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಹೀಗೆ ಇಟ್ಟಿದ್ದೇನೆ: 2021ರ ಮಾರ್ಚ್ 15ರಂದು 20 ರೂಪಾಯಿ, 2022ರ ಮಾರ್ಚ್ 15ರಂದು 30 ರೂಪಾಯಿ, 2023ರ ಮಾರ್ಚ್ 15ರಂದು 24 ರೂಪಾಯಿ. ಮೊದಲ ವರ್ಷ ಶೇ. 50 ಏರಿತು, ಎರಡನೇ ವರ್ಷ ಶೇ. 20 ಇಳಿಯಿತು.

ತಮ್ಮ ಮೊದಲ ಸಲ 50,000 ರೂಪಾಯಿ ಹಾಕಿದ. ಒಂದು ವರ್ಷದಲ್ಲಿ ಅದು 75,000 ಆಯಿತು. ಧೈರ್ಯ ಬಂತು. ಆ ವರ್ಷ ಕಬ್ಬಿನ ಬಿಲ್ಲೂ ಚೆನ್ನಾಗಿ ಬಂದಿತ್ತು. ಎರಡನೇ ಸಲ 3 ಲಕ್ಷ ಹಾಕಿದ. ಅಕ್ಕ ಇದಕ್ಕೆ ಉಲ್ಟಾ. ಮೊದಲ ಸಲವೇ 3 ಲಕ್ಷ ಹಾಕಿದ್ದಳು, ಎರಡನೇ ವರ್ಷ ಮನೆಯ ಖರ್ಚಿದ್ದದ್ದರಿಂದ 50,000 ಮಾತ್ರ ಹಾಕಿದಳು. ಇಬ್ಬರದ್ದೂ ಒಟ್ಟು 3.5 ಲಕ್ಷ.

ಈಗ ಯೂನಿಟ್ ಎಣಿಸೋಣ. ತಮ್ಮನಿಗೆ ಮೊದಲ ಸಲ 2,500 ಯೂನಿಟ್, ಎರಡನೇ ಸಲ 10,000 ಯೂನಿಟ್ ಸಿಕ್ಕವು. ಒಟ್ಟು 12,500. ಕೊನೆಯ ದಿನದ ಬೆಲೆ 24ರಿಂದ ಗುಣಿಸಿದರೆ 3,00,000 ರೂಪಾಯಿ. 50,000 ಕೈಬಿಟ್ಟಿತು. ಅಕ್ಕನಿಗೆ ಮೊದಲ ಸಲ 15,000 ಯೂನಿಟ್, ಎರಡನೇ ಸಲ 1,666.667 ಯೂನಿಟ್. ಕೊನೆಗೆ 4,00,000 ರೂಪಾಯಿ. 50,000 ಲಾಭ.

"ಅಕ್ಕಾ, ಫಂಡ್ ಒಂದ ಐತಿ, ಹಾಕಿದ ದಿನಾನೂ ಒಂದ ಅದಾವ. ನಿನಗ ಲಾಭ, ನನಗ್ಯಾಕ ಲುಕ್ಸಾನ?"

"ಯಾವಾಗ ಎಷ್ಟ ಹಾಕಿದಿ ಅಂತ ಬರಕೊಂಡ ಬಾ. ಆಮ್ಯಾಲ ಮಾತಾಡೋಣು."

ಅಕ್ಕ ಹೇಳಿದ್ದೇ ಮೊದಲ ಹೆಜ್ಜೆ.

ಮೊದಲು: ತಾರೀಖು, ಮೊತ್ತ, ಯೂನಿಟ್ ಬರೆದುಕೊಳ್ಳಿ

ನೆನಪಿನಿಂದ ಬರೆಯಬೇಡಿ. ಫಂಡ್ ಕಂಪನಿಗಳ ಪರವಾಗಿ ಹೂಡಿಕೆದಾರರ ಲೆಕ್ಕ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್‌ನ ವೆಬ್‌ಸೈಟಿನಲ್ಲಿ ನಿಮ್ಮ ಇಮೇಲ್ ಮತ್ತು ಪ್ಯಾನ್ ಕೊಟ್ಟು ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್ ತರಿಸಿಕೊಳ್ಳಬಹುದು. ಅದರಲ್ಲಿ ಎರಡು ಬಗೆ ಇರುತ್ತದೆ. ಸಂಕ್ಷಿಪ್ತವಾದದ್ದು ನಮಗೆ ಕೆಲಸಕ್ಕೆ ಬರುವುದಿಲ್ಲ. ಪ್ರತಿ ವ್ಯವಹಾರವನ್ನೂ ತೋರಿಸುವ ಡಿಟೇಲ್ಡ್ ಸ್ಟೇಟ್‌ಮೆಂಟ್ ಬೇಕು, ಅದೂ ಖಾತೆ ಶುರುವಾದ ದಿನದಿಂದ. ನಡುವಿನ ತಾರೀಖಿನಿಂದ ತೆಗೆದರೆ ಮೊದಲು ಹಾಕಿದ ಹಣ ಪಟ್ಟಿಯಲ್ಲಿ ಬರುವುದೇ ಇಲ್ಲ. ಕೊನೆಯ ಮೌಲ್ಯ ಮಾತ್ರ ಪೂರ್ತಿ ಬರುತ್ತದೆ. ಆಗ XIRR ನಂಬಲಾಗದಷ್ಟು ಚೆನ್ನಾಗಿ ಕಾಣುತ್ತದೆ.

ತಾರೀಖಿನ ಬಗ್ಗೆ ಒಂದು ಮಾತು. ಬ್ಯಾಂಕಿನಿಂದ ದುಡ್ಡು ಹೋದ ದಿನ ಮತ್ತು ಯೂನಿಟ್ ಸಿಕ್ಕ ದಿನ ಒಂದೇ ಆಗಿರಬೇಕಿಲ್ಲ. 2021ರ ಫೆಬ್ರುವರಿಯಿಂದ, ಹಣ ಫಂಡಿನ ಕೈಸೇರಿದ ಮೇಲೆಯೇ ಆ ದಿನದ ಎನ್‌ಎವಿ ಸಿಗುತ್ತದೆ. ಚೆಕ್ ಕೊಟ್ಟವರಿಗೆ ಎರಡು ಮೂರು ದಿನ ಆಚೀಚೆ ಆಗುವುದು ಸಾಮಾನ್ಯ. ವರ್ಷಗಟ್ಟಲೆಯ ಲೆಕ್ಕದಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಸ್ಟೇಟ್‌ಮೆಂಟಿನ ತಾರೀಖನ್ನೇ ಎಲ್ಲ ಕಡೆ ಬಳಸಿ, ಅಷ್ಟೇ. ಮೊತ್ತ ಮಾತ್ರ ನಿಮ್ಮ ಜೇಬಿನಿಂದ ಹೋದಷ್ಟೂ ಬರೆಯಿರಿ. ಹೂಡಿಕೆಯ ಮೇಲೆ ಶೇ. 0.005 ಸ್ಟ್ಯಾಂಪ್ ಡ್ಯೂಟಿ ಕಡಿತವಾಗಿ ಉಳಿದದ್ದಕ್ಕೆ ಯೂನಿಟ್ ಸಿಗುತ್ತದೆ. ಅದು ಚಿಲ್ಲರೆ ಕಾಸು, ಆದರೂ ನಿಮ್ಮದೇ ಖರ್ಚು.

ಎರಡನೆಯದು: ಫಂಡಿನ ರಿಟರ್ನ್

ಟೈಮ್-ವೇಯ್ಟೆಡ್ ಲೆಕ್ಕದ ಉಪಾಯ ಸರಳ. ಹಣ ಹಾಕಿದ ಪ್ರತಿ ದಿನದಲ್ಲೂ ಕಾಲವನ್ನು ತುಂಡು ಮಾಡಬೇಕು. ಒಂದೊಂದು ತುಂಡಿನಲ್ಲೂ ಹಣ ಎಷ್ಟು ಪಟ್ಟು ಆಯಿತು ಅಂತ ನೋಡಬೇಕು. ಆಮೇಲೆ ಎಲ್ಲ ಪಟ್ಟುಗಳನ್ನೂ ಗುಣಿಸಬೇಕು. ತುಂಡಿನ ಒಳಗೆ ಹೊಸ ಹಣ ಬರುವುದಿಲ್ಲವಾದ್ದರಿಂದ ಅಲ್ಲಿ ಕಾಣುವ ಏರಿಳಿತ ಪೂರ್ತಿ ಫಂಡಿನದ್ದೇ.

ತಮ್ಮನ ಲೆಕ್ಕದಲ್ಲಿ ಮೊದಲ ತುಂಡು: 50,000 ಹೋಗಿ 75,000 ಆಯಿತು, ಅಂದರೆ 1.5 ಪಟ್ಟು. ಅದೇ ದಿನ 3 ಲಕ್ಷ ಸೇರಿತು, ಒಟ್ಟು 3,75,000. ಎರಡನೇ ತುಂಡು ಇಲ್ಲಿಂದ ಶುರು. 3,75,000 ಇದ್ದದ್ದು 3,00,000 ಆಯಿತು, ಅಂದರೆ 0.8 ಪಟ್ಟು. 1.5ನ್ನು 0.8ರಿಂದ ಗುಣಿಸಿದರೆ 1.2. ಎರಡು ವರ್ಷದಲ್ಲಿ ಶೇ. 20 ಲಾಭ. ವರ್ಷಕ್ಕೆ ತರಬೇಕಾದರೆ 1.2ರ ವರ್ಗಮೂಲ ತೆಗೆಯಬೇಕು. 1.0954 ಬರುತ್ತದೆ, ಅಂದರೆ ವರ್ಷಕ್ಕೆ ಶೇ. 9.54.

ಅಕ್ಕನ ಮೊತ್ತ ಹಾಕಿ ಮಾಡಿದರೂ ಇದೇ 1.2 ಬರುತ್ತದೆ. ಒಮ್ಮೆ ಮಾಡಿ ನೋಡಿ: 3 ಲಕ್ಷ ಹೋಗಿ 4.5 ಲಕ್ಷ, ಅದಕ್ಕೆ 50,000 ಸೇರಿ 5 ಲಕ್ಷ, ಅದು ಇಳಿದು 4 ಲಕ್ಷ. ಮೊತ್ತ ಎಷ್ಟಿತ್ತು ಅನ್ನುವುದು ಲೆಕ್ಕದಿಂದ ಬಿದ್ದೇ ಹೋಯಿತು. ಟೈಮ್-ವೇಯ್ಟೆಡ್ ರಿಟರ್ನಿನ ಕೆಲಸವೇ ಅದು.

ಮ್ಯೂಚುವಲ್ ಫಂಡ್ ಆಗಿದ್ದರೆ ಇಷ್ಟು ತುಂಡು ಮಾಡುವ ಶ್ರಮವೂ ಬೇಡ. ಎನ್‌ಎವಿ ಅನ್ನುವುದೇ ಪ್ರತಿದಿನ ತುಂಡು ಮಾಡಿ ಇಟ್ಟ ಲೆಕ್ಕ. ಹೊಸ ಹಣ ಬಂದರೆ ಫಂಡ್ ಹೊಸ ಯೂನಿಟ್ ಕೊಡುತ್ತದೆ, ಅದರಿಂದ ಹಳೆಯ ಯೂನಿಟ್ಟಿನ ಬೆಲೆ ಏರುವುದಿಲ್ಲ. ಹಾಗಾಗಿ ಕೊನೆಯ ಎನ್‌ಎವಿಯನ್ನು ಮೊದಲ ಎನ್‌ಎವಿಯಿಂದ ಭಾಗಿಸಿದರೆ ಸಾಕು. 24 ಭಾಗಿಸು 20, ಮತ್ತೆ ಅದೇ 1.2. ಹಳೆಯ ತಾರೀಖುಗಳ ಎನ್‌ಎವಿ ಫಂಡ್ ಕಂಪನಿಗಳ ಸಂಘವಾದ ಆಂಫಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಶೀಟಿನಲ್ಲಿ ಹೀಗೆ:

```
=(24/20)^(365/730)-1
```

730 ಅಂದರೆ ನಡುವಿನ ದಿನಗಳು. ಇದರ ಉತ್ತರ 0.0954. ಫಂಡಿನ ಹಾಳೆಯಲ್ಲಿ ಸಿಎಜಿಆರ್ ಅಂತ ಬರೆದಿರುವುದು ಇದೇ.

ಇಲ್ಲಿ ಜನ ಎಡವುವ ಜಾಗ ಒಂದಿದೆ. ಎರಡನೇ ಸಲ ಹಣ ಹಾಕಿದ ದಿನ, ಹಾಕುವ ಮುಂಚೆ ಮೌಲ್ಯ ಎಷ್ಟಿತ್ತು ಅನ್ನುವುದನ್ನು ಬಿಟ್ಟುಬಿಡುತ್ತಾರೆ. 50,000 ಇದ್ದದ್ದು 3,75,000 ಆಯಿತು ಅಂತ ನೇರವಾಗಿ ಭಾಗಿಸಿದರೆ 7.5 ಪಟ್ಟು ಬರುತ್ತದೆ. ಅದರಲ್ಲಿ 3 ಲಕ್ಷ ನಿಮ್ಮ ಕಬ್ಬಿನ ದುಡ್ಡು, ಫಂಡ್ ದುಡಿದದ್ದಲ್ಲ. ಯಾರಾದರೂ ಗ್ರಾಫ್ ತೋರಿಸಿ "ನೋಡ್ರಿ, ನಿಮ್ಮ ಖಾತೆ ಹೆಂಗ ಬೆಳದೈತಿ" ಅಂದರೆ, ಆ ಗೆರೆ ಹಾಕಿದ ಹಣದಿಂದ ಏರಿದ್ದೋ ಬೆಲೆಯಿಂದ ಏರಿದ್ದೋ ಅಂತ ಕೇಳಿ.

ಮೂರನೆಯದು: ನಿಮ್ಮ ಹಣದ ರಿಟರ್ನ್

ಈಗ ತಮ್ಮನ ಪ್ರಶ್ನೆ. ಮನಿ-ವೇಯ್ಟೆಡ್ ಲೆಕ್ಕದಲ್ಲಿ ನಾವು ಹುಡುಕುವುದು ಒಂದೇ ಒಂದು ದರ. 50,000 ರೂಪಾಯಿ ಎರಡು ವರ್ಷ, 3 ಲಕ್ಷ ಒಂದು ವರ್ಷ ಆ ದರದಲ್ಲಿ ಇದ್ದರೆ, ಎರಡೂ ಸೇರಿ ಕೊನೆಗೆ ಸರಿಯಾಗಿ 3 ಲಕ್ಷ ಆಗಬೇಕು. ಅಂಥ ದರ ಯಾವುದು?

ಶೀಟಿನಲ್ಲಿ ಎರಡು ಕಾಲಂ ಮಾಡಿ. ಎ ಕಾಲಂನಲ್ಲಿ ತಾರೀಖು, ಬಿ ಕಾಲಂನಲ್ಲಿ ಮೊತ್ತ. ಜೇಬಿನಿಂದ ಹೋದದ್ದಕ್ಕೆ ಮೈನಸ್, ಜೇಬಿಗೆ ಬಂದದ್ದಕ್ಕೆ ಪ್ಲಸ್. ಇವತ್ತು ಮಾರದೇ ಇದ್ದರೂ, ಇವತ್ತಿನ ಮೌಲ್ಯವನ್ನು ಬಂದ ಹಣ ಅಂತಲೇ ಕೊನೆಯ ಸಾಲಿನಲ್ಲಿ ಬರೆಯಬೇಕು.

```
A1: =DATE(2021,3,15)    B1: -50000
A2: =DATE(2022,3,15)    B2: -300000
A3: =DATE(2023,3,15)    B3: 300000
A5: =XIRR(B1:B3, A1:A3, -0.1)
```

ಉತ್ತರ −0.127. ವರ್ಷಕ್ಕೆ ಶೇ. 12.7 ನಷ್ಟ. ಅಕ್ಕನ ಮೊತ್ತಗಳನ್ನು ಹಾಕಿದರೆ 0.0744, ಅಂದರೆ ವರ್ಷಕ್ಕೆ ಶೇ. 7.44 ಲಾಭ. ಫಂಡಿನ ಶೇ. 9.54 ಇಬ್ಬರಿಗೂ ಸಿಗಲಿಲ್ಲ. ಶೇ. 50 ಏರಿದ ವರ್ಷ ತಮ್ಮನ ಹಣ ಫಂಡಿನಲ್ಲಿ ಇದ್ದದ್ದು 50,000 ಮಾತ್ರ. ಶೇ. 20 ಇಳಿದ ವರ್ಷ 3,75,000 ಇತ್ತು. ಅಕ್ಕನ ದೊಡ್ಡ ಮೊತ್ತ ಎರಡೂ ವರ್ಷ ಇದ್ದದ್ದರಿಂದ ಅವಳು ಫಂಡಿನ ಅಂಕಿಗೆ ಹತ್ತಿರ ಉಳಿದಳು. ಎರಡನೇ ಸಲ ಹಾಕಿದ 50,000 ಅಷ್ಟೇ ಅವಳನ್ನು ಸ್ವಲ್ಪ ಕೆಳಗೆ ಎಳೆಯಿತು.

ಉತ್ತರ ಸರಿ ಇದೆಯಾ ಅಂತ ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ಶೇ. 12.7 ನಷ್ಟ ಅಂದರೆ ವರ್ಷಕ್ಕೆ 0.873 ಪಟ್ಟು. 3,00,000ವನ್ನು ಒಮ್ಮೆ 0.873ರಿಂದ ಗುಣಿಸಿ: 2,61,900. 50,000ವನ್ನು ಎರಡು ಸಲ ಗುಣಿಸಿ: 38,106. ಕೂಡಿಸಿದರೆ 3,00,006. ಆರು ರೂಪಾಯಿ ದಶಮಾಂಶದ ವ್ಯತ್ಯಾಸ. ಅಂದರೆ ದರ ಸರಿಯಾಗಿದೆ.

ಶೀಟ್ ಇಲ್ಲದೆ ಅಂದಾಜು ಮಾಡಲೂ ಒಂದು ದಾರಿ ಇದೆ. ಎರಡು ವರ್ಷದ ಅವಧಿಯಲ್ಲಿ ಸರಾಸರಿ ಎಷ್ಟು ಹಣ ಫಂಡಿನಲ್ಲಿ ಇತ್ತು? 50,000 ಪೂರ್ತಿ ಅವಧಿ ಇತ್ತು. 3 ಲಕ್ಷ ಅರ್ಧ ಅವಧಿ ಇತ್ತು, ಹಾಗಾಗಿ 1.5 ಲಕ್ಷ ಅಂತ ಹಿಡಿಯಿರಿ. ಒಟ್ಟು 2 ಲಕ್ಷ. ಹೋದದ್ದು 50,000. ಎರಡು ವರ್ಷಕ್ಕೆ ಶೇ. 25 ನಷ್ಟ, ವರ್ಷಕ್ಕೆ ಹೆಚ್ಚುಕಡಿಮೆ ಶೇ. 13. XIRR ಕೊಟ್ಟ 12.7ಕ್ಕೆ ಇದು ಹತ್ತಿರವೇ ಇದೆ. ಮಾಡಿಫೈಡ್ ಡೀಟ್ಜ್ ಅನ್ನುವ ವಿಧಾನ ಇದೇ. ಶೀಟಿನ ಉತ್ತರ ಈ ಅಂದಾಜಿನಿಂದ ತುಂಬಾ ದೂರ ಇದ್ದರೆ ಎಲ್ಲೋ ತಪ್ಪಾಗಿದೆ ಅಂತ ತಿಳಿಯಿರಿ.

3.5 ಲಕ್ಷಕ್ಕೆ 50,000 ಹೋಯಿತು, ಅಂದರೆ ಶೇ. 14.3 ನಷ್ಟ ಅಂತ ಸೀದಾ ಭಾಗಿಸುವವರೂ ಇದ್ದಾರೆ. ಇದು ಎರಡೂ ಪ್ರಶ್ನೆಗೆ ಉತ್ತರವಲ್ಲ. ಒಂದು ವರ್ಷ ಇದ್ದ ಹಣಕ್ಕೂ ಎರಡು ವರ್ಷ ಇದ್ದ ಹಣಕ್ಕೂ ಇದರಲ್ಲಿ ಭೇದವೇ ಇಲ್ಲ. ತಿಂಗಳು ತಿಂಗಳು ಎಸ್‌ಐಪಿ ಹಾಕುವವರಿಗೆ ಇದು ಉಲ್ಟಾ ದಿಕ್ಕಿನಲ್ಲಿ ಮೋಸ ಮಾಡುತ್ತದೆ. 5,000ದಂತೆ 12 ತಿಂಗಳು ಹಾಕಿ 60,000 ಆಗಿದೆ, ಮೌಲ್ಯ 63,000 ಇದೆ ಅಂದುಕೊಳ್ಳಿ. ಶೇ. 5 ಅಷ್ಟೇನಾ ಅಂತ ಬೇಸರ ಆಗುತ್ತದೆ. ಆದರೆ ಒಂದೊಂದು ಕಂತು ಸರಾಸರಿ ಆರೂವರೆ ತಿಂಗಳು ಮಾತ್ರ ಫಂಡಿನಲ್ಲಿ ಇತ್ತು. XIRR ತೆಗೆದರೆ ಶೇ. 9ಕ್ಕೂ ಮೇಲೆ ಬರುತ್ತದೆ.

ಶೀಟ್ ಕೈಕೊಡುವ ಜಾಗಗಳು

ಮೇಲೆ ತಾರೀಖನ್ನು DATE ಅಂತ ಬರೆದದ್ದು ಸುಮ್ನೆ ಅಲ್ಲ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದು ಇದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. 15-03-2021 ಅಂತ ಹಾಕಿದರೆ 15ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ತಾರೀಖು ಅಂತಲೇ ಒಪ್ಪುವುದಿಲ್ಲ. ಬರೀ ಅಕ್ಷರ ಅಂದುಕೊಂಡು ಎಡಕ್ಕೆ ತಳ್ಳುತ್ತದೆ, XIRR ಜಾಗದಲ್ಲಿ #VALUE! ಬರುತ್ತದೆ. ಇದು ಪರವಾಗಿಲ್ಲ, ತಪ್ಪು ಕಣ್ಣಿಗೆ ಕಾಣುತ್ತದೆ. 05-03-2021 ಹಾಕಿದಾಗ ಮಾತ್ರ ಅಪಾಯ ಜಾಸ್ತಿ. ಮಾರ್ಚ್ 5ನ್ನು ಮೇ 3 ಅಂತ ಓದಿಕೊಂಡು ತಕರಾರಿಲ್ಲದೆ ತಪ್ಪು ಉತ್ತರ ಕೊಡುತ್ತದೆ. DATE ಬಳಸಿದರೆ ಈ ಗೊಂದಲವೇ ಇಲ್ಲ.

#NUM! ಬಂದರೆ ಮೊದಲು ಚಿಹ್ನೆ ನೋಡಿ. ಎಲ್ಲವೂ ಮೈನಸ್ ಅಥವಾ ಎಲ್ಲವೂ ಪ್ಲಸ್ ಇದ್ದರೆ ಲೆಕ್ಕವೇ ಆಗುವುದಿಲ್ಲ. ಕೊನೆಯ ಸಾಲಿನ ಮೌಲ್ಯ ಬರೆಯಲು ಮರೆತಾಗ ಹೀಗಾಗುತ್ತದೆ. ಇನ್ನು, ನಷ್ಟದ ಲೆಕ್ಕದಲ್ಲಿ ಎಕ್ಸೆಲ್ ಕೆಲವೊಮ್ಮೆ 2.98E-09 ಅನ್ನುವ ವಿಚಿತ್ರ ಅಂಕಿ ಕೊಡುತ್ತದೆ. ಅದು ಸೊನ್ನೆ ಲಾಭ ಅಂತ ಅಲ್ಲ, ಉತ್ತರ ಸಿಗಲಿಲ್ಲ ಅಂತ ಅರ್ಥ. XIRR ಒಂದು ಊಹೆಯಿಂದ ಶುರುಮಾಡಿ ಉತ್ತರ ಹುಡುಕುತ್ತದೆ. ನಾವು ಹೇಳದಿದ್ದರೆ ಶೇ. 10 ಲಾಭದಿಂದ ಶುರುಮಾಡುತ್ತದೆ. ಅದಕ್ಕೇ ತಮ್ಮನ ಸೂತ್ರದ ಕೊನೆಯಲ್ಲಿ −0.1 ಸೇರಿಸಿದ್ದು.

ಇನ್ನೊಂದು ಮಿತಿ ಶೀಟಿನದ್ದಲ್ಲ, ಲೆಕ್ಕದ್ದೇ. XIRR ಯಾವಾಗಲೂ ವರ್ಷಕ್ಕೆ ಹಿಗ್ಗಿಸಿ ಹೇಳುತ್ತದೆ. 1 ಲಕ್ಷ ಹಾಕಿ 30 ದಿನಕ್ಕೆ 1,04,000 ಆದರೆ ಅದು ಶೇ. 61 ಅನ್ನುತ್ತದೆ. ಅದೇ ಏರಿಕೆ ತಿಂಗಳು ತಿಂಗಳು ವರ್ಷವಿಡೀ ನಡೆದರೆ ಮಾತ್ರ ಆ ಮಾತು ನಿಜ. ಒಂದು ವರ್ಷ ತುಂಬದ ಹಣಕ್ಕೆ ನಾನಂತೂ XIRR ನೋಡುವುದೇ ಇಲ್ಲ, ಎಷ್ಟು ರೂಪಾಯಿ ಹೆಚ್ಚಾಯಿತು ಅಂತ ಮಾತ್ರ ನೋಡುತ್ತೇನೆ. ಹೊಸ ಫಂಡ್ ಹಾಕಿಸಿ ಎರಡು ತಿಂಗಳಿಗೆ ಆ್ಯಪ್ ತೋರಿಸಿ ಖುಷಿಪಡಿಸುವವರ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು.

ನಾಲ್ಕನೆಯದು: ಹೋಲಿಸುವುದು ಯಾವುದನ್ನು ಯಾವುದಕ್ಕೆ

ಲೆಕ್ಕ ಬಂದ ಮೇಲೆ ನಿಜವಾದ ಕೆಲಸ ಶುರು. ತಮ್ಮನಿಗೆ ಸಿಟ್ಟು ಬಂದಿದೆ. ಶೇ. 12.7 ನಷ್ಟ ಮಾಡಿದ ಫಂಡಿನಿಂದ ಹೊರಬರಬೇಕು ಅನ್ನುತ್ತಿದ್ದಾನೆ. ಆದರೆ ಅದರಲ್ಲಿ ಫಂಡಿನ ಪಾಲೆಷ್ಟು, ಅವನು ಹಣ ಹಾಕಿದ ಹೊತ್ತಿನ ಪಾಲೆಷ್ಟು?

ತಿಳಿಯಲು ಅದೇ ದಿನ, ಅದೇ ಮೊತ್ತವನ್ನು ಇನ್ನೊಂದು ಕಡೆ ಹಾಕಿ ನೋಡಬೇಕು, ಕಾಗದದ ಮೇಲೆ. ಮಾರುಕಟ್ಟೆಯ ಸೂಚ್ಯಂಕವನ್ನೇ ಹಿಂಬಾಲಿಸುವ ಒಂದು ಇಂಡೆಕ್ಸ್ ಫಂಡ್ ಮೊದಲ ವರ್ಷ ಶೇ. 20, ಎರಡನೇ ವರ್ಷ ಶೇ. 5 ಏರಿತ್ತು ಅಂದುಕೊಳ್ಳಿ. ಎರಡು ವರ್ಷಕ್ಕೆ 1.26 ಪಟ್ಟು, ವರ್ಷಕ್ಕೆ ಶೇ. 12.25. ತಮ್ಮನ 50,000 ಅಲ್ಲಿ 63,000 ಆಗುತ್ತಿತ್ತು, 3 ಲಕ್ಷ 3,15,000 ಆಗುತ್ತಿತ್ತು. ಒಟ್ಟು 3,78,000. ಇದರ XIRR ಶೇ. 6.94.

ಈಗ ಅಂಕಿಗಳು ಮಾತಾಡುತ್ತವೆ. ಇಂಡೆಕ್ಸಿನಲ್ಲೂ ಅವನಿಗೆ 12.25 ಸಿಗುತ್ತಿರಲಿಲ್ಲ, 6.94 ಮಾತ್ರ ಸಿಗುತ್ತಿತ್ತು. ಆ ಅಂತರ ಪೂರ್ತಿ ಹೊತ್ತಿನದ್ದು, ಅದಕ್ಕೆ ಫಂಡನ್ನು ಬೈದು ಫಲವಿಲ್ಲ. ಆದರೆ 6.94ರಿಂದ −12.7ಕ್ಕೆ ಇಳಿದದ್ದು, ರೂಪಾಯಿಯಲ್ಲಿ 78,000, ಈ ಫಂಡನ್ನು ಆರಿಸಿದ್ದರಿಂದ ಆದದ್ದು. ತನ್ನ XIRR 12.7 ನಷ್ಟವನ್ನು ನೇರವಾಗಿ ಇಂಡೆಕ್ಸಿನ 12.25ಕ್ಕೆ ಹೋಲಿಸಿದ್ದರೆ ಈ ಎರಡೂ ಪಾಲು ಕಲಸಿಹೋಗುತ್ತಿತ್ತು. ನಿಯಮ ಇಷ್ಟೇ: ಫಂಡಿನ ಸಿಎಜಿಆರ್ ಅನ್ನು ಇಂಡೆಕ್ಸಿನ ಸಿಎಜಿಆರ್‌ಗೆ ಹೋಲಿಸಿ, ನಿಮ್ಮ XIRR ಅನ್ನು ಅದೇ ತಾರೀಖು, ಅದೇ ಮೊತ್ತದ ಇಂಡೆಕ್ಸ್ XIRRಗೆ ಹೋಲಿಸಿ. ಅಡ್ಡಡ್ಡ ಹೋಲಿಸಬೇಡಿ.

ಅಕ್ಕನದ್ದೂ ಮಾಡಿ ನೋಡಿದರೆ ಇನ್ನೊಂದು ವಿಷಯ ಹೊರಬರುತ್ತದೆ. ಅವಳ ಹಣ ಇಂಡೆಕ್ಸಿನಲ್ಲಿ 4,30,500 ಆಗುತ್ತಿತ್ತು. ಅವಳ ಕೈಯಲ್ಲಿರುವುದು 4,00,000. ಲಾಭದಲ್ಲಿದ್ದೇನೆ ಅಂತ ನೆಮ್ಮದಿಯಾಗಿದ್ದವಳಿಗೂ ಈ ಫಂಡ್ 30,500 ಕಡಿಮೆ ಕೊಟ್ಟಿದೆ. ಇಬ್ಬರೂ ಫಂಡಿನ ಬಗ್ಗೆ ತೀರ್ಮಾನ ಮಾಡಬೇಕಾದದ್ದು 9.54 ಮತ್ತು 12.25ನ್ನು ಪಕ್ಕಪಕ್ಕ ಇಟ್ಟು. ಜೊತೆಗೆ ತುಂಡುಗಳನ್ನೂ ನೋಡಿ. ಇಂಡೆಕ್ಸ್ ಶೇ. 20 ಏರಿದಾಗ ಇದು 50 ಏರಿದೆ, ಇಂಡೆಕ್ಸ್ 5 ಏರಿದಾಗ ಇದು 20 ಇಳಿದಿದೆ. ಇಷ್ಟು ಜಿಗಿಯುವ ಫಂಡಿನಲ್ಲಿ, ಕಬ್ಬಿನ ಬಿಲ್ಲು ಬಂದಾಗೊಮ್ಮೆ ದೊಡ್ಡ ಮೊತ್ತ ಹಾಕುವವರ XIRR ಯಾವಾಗಲೂ ಫಂಡಿನ ಅಂಕಿಯಿಂದ ದೂರವೇ ಇರುತ್ತದೆ, ಕೆಲವು ವರ್ಷ ಮೇಲೆ, ಕೆಲವು ವರ್ಷ ಕೆಳಗೆ.

ಹೋಲಿಸಲು ಇಂಡೆಕ್ಸಿನ ಅಂಕಿ ತಗೊಳ್ಳುವಾಗ ಡಿವಿಡೆಂಡ್ ಸೇರಿದ ಟೋಟಲ್ ರಿಟರ್ನ್ ಇಂಡೆಕ್ಸ್ ತಗೊಳ್ಳಿ. ಟಿವಿಯಲ್ಲಿ ಹೇಳುವ ನಿಫ್ಟಿಯಲ್ಲಿ ಡಿವಿಡೆಂಡ್ ಇರುವುದಿಲ್ಲ. ಫಂಡುಗಳೂ ತಮ್ಮನ್ನು ಟೋಟಲ್ ರಿಟರ್ನ್ ಇಂಡೆಕ್ಸಿಗೇ ಹೋಲಿಸಿಕೊಳ್ಳಬೇಕು ಅಂತ ಮಾರುಕಟ್ಟೆ ನಿಯಂತ್ರಕ ಸೆಬಿ 2018ರಿಂದ ನಿಯಮ ಮಾಡಿದೆ. ಇದೂ ಕಷ್ಟ ಅನಿಸಿದರೆ ಯಾವುದಾದರೂ ನಿಫ್ಟಿ ಇಂಡೆಕ್ಸ್ ಫಂಡಿನ, ಲಾಭ ಹಂಚದೆ ಒಳಗೇ ಉಳಿಸಿಕೊಳ್ಳುವ ಗ್ರೋತ್ ಪ್ಲಾನಿನ ಎನ್‌ಎವಿ ಇಟ್ಟುಕೊಂಡರೆ ಕೆಲಸ ಆಗುತ್ತದೆ.

ಹೊತ್ತಿನ ಪಾಲಿನ ಬಗ್ಗೆಯೂ ನ್ಯಾಯವಾಗಿ ಯೋಚಿಸಬೇಕು. ತಮ್ಮನ 3 ಲಕ್ಷ ಹಿಂದಿನ ವರ್ಷವೇ ಉಳಿತಾಯ ಖಾತೆಯಲ್ಲಿ ಬಿದ್ದಿದ್ದು, ಫಂಡ್ ಶೇ. 50 ಏರಿದ್ದನ್ನು ನೋಡಿದ ಮೇಲೆ ಹಾಕಿದ್ದರೆ ಅದು ಅವನ ನಿರ್ಧಾರದ ಬೆಲೆ. ಆದರೆ ಆ ಹಣ ಬಂದದ್ದೇ 2022ರ ಹಂಗಾಮಿನಲ್ಲಿ ಆಗಿದ್ದರೆ, ಮುಂಚೆ ಹಾಕುವ ದಾರಿಯೇ ಇರಲಿಲ್ಲ. XIRR ಈ ಎರಡರ ನಡುವೆ ಭೇದ ಮಾಡುವುದಿಲ್ಲ, ಅದನ್ನು ನಾವೇ ಮಾಡಬೇಕು. ಇದೇ ಕಾರಣಕ್ಕೆ, ಪಿಎಂಎಸ್, ಅಂದರೆ ಒಬ್ಬೊಬ್ಬ ಗಿರಾಕಿಯ ಹಣವನ್ನೂ ಬೇರೆಯಾಗಿ ಹೂಡಿ ನೋಡಿಕೊಳ್ಳುವ ಸೇವೆ, ನಡೆಸುವ ಪೋರ್ಟ್‌ಫೋಲಿಯೊ ಮ್ಯಾನೇಜರುಗಳು ತಮ್ಮ ಸಾಧನೆಯನ್ನು ಟೈಮ್-ವೇಯ್ಟೆಡ್ ಲೆಕ್ಕದಲ್ಲೇ ತೋರಿಸಬೇಕು ಅಂತ ಸೆಬಿ 2020ರಲ್ಲಿ ಹೇಳಿತು. ಗಿರಾಕಿ ಯಾವಾಗ ಹಣ ತರುತ್ತಾನೆ ಅನ್ನುವುದು ಮ್ಯಾನೇಜರನ ಕೈಯಲ್ಲಿಲ್ಲ, ಅಲ್ವಾ.

ಎನ್‌ಎವಿ ಇಲ್ಲದ ಮನೆಯ ಹಣ

ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರು ಒಬ್ಬರ ಡಿಮ್ಯಾಟ್ ಖಾತೆಯಲ್ಲಿ ಸೇರಿಸಿ ಶೇರು ತಗೊಂಡಿರುತ್ತಾರೆ. ಒಬ್ಬ ಮೊದಲು ಹಾಕಿರುತ್ತಾನೆ, ಇನ್ನೊಬ್ಬ ವರ್ಷ ಬಿಟ್ಟು ಹಾಕಿರುತ್ತಾನೆ. ಹಂಚಿಕೊಳ್ಳುವ ದಿನ ಬಂದಾಗ ಹಾಕಿದ ಮೊತ್ತದ ಪ್ರಮಾಣದಲ್ಲೇ ಹಂಚಿದರೆ ಮೊದಲು ಹಾಕಿದವನಿಗೆ ಅನ್ಯಾಯ ಆಗಬಹುದು.

ಇಲ್ಲಿ ನೀವೇ ಒಂದು ಎನ್‌ಎವಿ ಮಾಡಿಕೊಳ್ಳಿ. ಮೊದಲ ದಿನ ಯೂನಿಟ್ಟಿಗೆ 10 ರೂಪಾಯಿ ಅಂತ ಇಡಿ. ಅಣ್ಣ 1 ಲಕ್ಷ ಹಾಕಿದರೆ ಅವನಿಗೆ 10,000 ಯೂನಿಟ್. ವರ್ಷದ ಮೇಲೆ ತಮ್ಮ 1 ಲಕ್ಷ ತಂದ. ಅವನ ಹಣ ಒಳಗೆ ಬರುವ ಮುಂಚೆ, ಅವತ್ತಿನ ಮಾರುಕಟ್ಟೆ ಮುಗಿದ ಬೆಲೆಯಲ್ಲಿ ಖಾತೆಯ ಎಲ್ಲ ಶೇರುಗಳ ಮೌಲ್ಯ ಮತ್ತು ಉಳಿದ ನಗದು ಎರಡನ್ನೂ ಕೂಡಿಸಿ. 1,25,000 ಬಂತು ಅನ್ನಿ. 10,000 ಯೂನಿಟ್ಟಿನಿಂದ ಭಾಗಿಸಿದರೆ 12.50. ತಮ್ಮನಿಗೆ ಆ ಬೆಲೆಯಲ್ಲಿ 8,000 ಯೂನಿಟ್ ಕೊಡಿ. ಮುಂದೆ ಒಟ್ಟು ಮೌಲ್ಯ 2,70,000 ಆದಾಗ 18,000 ಯೂನಿಟ್ಟಿನಿಂದ ಭಾಗಿಸಿ, ಬೆಲೆ 15. ಅಣ್ಣನಿಗೆ 1,50,000, ತಮ್ಮನಿಗೆ 1,20,000. ಸರಿಸಮ ಹಂಚಿದ್ದರೆ ಇಬ್ಬರಿಗೂ 1,35,000 ಆಗಿ ಅಣ್ಣನ 15,000 ತಮ್ಮನ ಕಡೆ ಹೋಗುತ್ತಿತ್ತು.

ಯೂನಿಟ್ ಬೆಲೆ 10ರಿಂದ 15ಕ್ಕೆ ಬಂದದ್ದು ಈ ಮನೆಯ ಹಣದ ಟೈಮ್-ವೇಯ್ಟೆಡ್ ರಿಟರ್ನ್. ಒಬ್ಬೊಬ್ಬರ ಪಾಲಿಗೂ XIRR ಬೇರೆ ತೆಗೆಯಬಹುದು. ಇದಕ್ಕೆ ಬೇಕಾದದ್ದು ಒಂದೇ ಶಿಸ್ತು: ಹೊಸ ಹಣ ಬಂದ ದಿನವೇ, ಅದು ಸೇರುವ ಮುಂಚೆ, ಮೌಲ್ಯ ಬರೆದಿಡಬೇಕು. ಡೈರಿಯಲ್ಲಿ ಬರೆದರೂ ಸಾಕು, ಇಬ್ಬರೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಬರೆಯದೇ ಬಿಟ್ಟರೆ ಆಮೇಲೆ ಹಳೆಯ ಬೆಲೆಗಳನ್ನು ಒಂದೊಂದಾಗಿ ಹುಡುಕಬೇಕಾಗುತ್ತದೆ. ಬೆಳ್ಳಿ, ಸೈಟು ಮುಂತಾದವು ಅದರಲ್ಲಿ ಸೇರಿದ್ದರಂತೂ ಅವತ್ತಿನ ಬೆಲೆ ಎಷ್ಟಿತ್ತು ಅಂತ ಜಗಳವೇ ಆಗುತ್ತದೆ.

ಡಿವಿಡೆಂಡ್ ಬರುವ ಪ್ಲಾನ್ ಇದ್ದವರಿಗೆ

ನಿಮ್ಮದು ಗ್ರೋತ್ ಪ್ಲಾನ್ ಅಲ್ಲದೆ, ಈಗ ಐಡಿಸಿಡಬ್ಲ್ಯೂ ಅಂತ ಕರೆಯುವ ಹಳೆಯ ಡಿವಿಡೆಂಡ್ ಪ್ಲಾನ್ ಆಗಿದ್ದರೆ ಎರಡೂ ಲೆಕ್ಕದಲ್ಲಿ ಒಂದೊಂದು ತಿದ್ದುಪಡಿ ಬೇಕು. ಹಣ ಹಂಚಿದ ದಿನ ಆ ಪ್ಲಾನಿನ ಎನ್‌ಎವಿ ಅಷ್ಟೇ ಕೆಳಗಿಳಿಯುತ್ತದೆ. ಅದನ್ನೇ ಇಟ್ಟುಕೊಂಡು ಮೊದಲ-ಕೊನೆಯ ಬೆಲೆ ಭಾಗಿಸಿದರೆ ಫಂಡ್ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಫಂಡಿನ ರಿಟರ್ನ್ ನೋಡಲು ಅದೇ ಫಂಡಿನ ಗ್ರೋತ್ ಪ್ಲಾನಿನ ಎನ್‌ಎವಿ ತಗೊಳ್ಳಿ. ನಿಮ್ಮದು ಡೈರೆಕ್ಟ್ ಆಗಿದ್ದರೆ ಡೈರೆಕ್ಟ್ ಗ್ರೋತ್, ಏಜೆಂಟರ ಮೂಲಕ ತಗೊಂಡ ರೆಗ್ಯುಲರ್ ಆಗಿದ್ದರೆ ರೆಗ್ಯುಲರ್ ಗ್ರೋತ್, ಏಕೆಂದರೆ ಎರಡರ ಖರ್ಚು ಬೇರೆ. XIRRನಲ್ಲಿ, ಬ್ಯಾಂಕಿಗೆ ಬಂದ ಒಂದೊಂದು ಡಿವಿಡೆಂಡನ್ನೂ ಬಂದ ತಾರೀಖಿನಲ್ಲಿ ಪ್ಲಸ್ ಮಾಡಿ ಬರೆಯಿರಿ. ನಡುವೆ ಮಾರಿದ ಯೂನಿಟ್ಟಿನ ಹಣವೂ ಹಾಗೇ ಪ್ಲಸ್, ಬೇಗ ಮಾರಿದ್ದಕ್ಕೆ ಫಂಡ್ ಹಿಡಿದುಕೊಳ್ಳುವ ಎಕ್ಸಿಟ್ ಲೋಡ್ ಕಳೆದು ಕೈಗೆ ಬಂದಷ್ಟು. ಡಿವಿಡೆಂಡ್ ಮತ್ತೆ ಅದೇ ಫಂಡಿಗೆ ಹೋಗುವ ರೀಇನ್ವೆಸ್ಟ್‌ಮೆಂಟ್ ಆಗಿದ್ದರೆ ಏನೂ ಬರೆಯಬೇಡಿ. ಹಣ ನಿಮ್ಮ ಜೇಬಿಗೆ ಬಂದೇ ಇಲ್ಲ, ಹೆಚ್ಚಿದ ಯೂನಿಟ್ ಕೊನೆಯ ಸಾಲಿನ ಮೌಲ್ಯದಲ್ಲಿ ತಾನಾಗಿ ಸೇರಿರುತ್ತದೆ.